ಹತ್ತು ಚೌಕಟ್ಟುಗಳಲ್ಲಿ ಮೂರು ಚಟ್ನಿ

ಸೊಲ್ಲಾಪುರದ ಆ ವಿನ್ಯಾಸಕಿಗೆ ಅಂಗಡಿಯಿಲ್ಲ, ಬಾಗಿಲ ಮೇಲೆ ಫಲಕವೂ ಇಲ್ಲ. ಬಾಡಿಗೆ ಮನೆಯ ಒಳಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೊಂದು ಲ್ಯಾಪ್‌ಟಾಪ್. ಇಷ್ಟೇ ಅವಳ ಕಾರ್ಖಾನೆ. ಕನ್ನಡ ಐಚ್ಛಿಕ ತೆಗೆದುಕೊಂಡು ಪದವಿ ಮುಗಿಸಿದವಳು, ಅನಂತರ ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳ ಅಕ್ಷರ ಜೋಡಿಸುತ್ತ ಕೈ ಪಳಗಿಸಿಕೊಂಡವಳು, ಈಗ ಯಾರ ಸಂಬಳಕ್ಕೂ ಒಳಪಡದೆ ಲೇಬಲ್ಲು, ಫಲಕ, ಚೀಲ, ಪೆಟ್ಟಿಗೆಗಳ ವಿನ್ಯಾಸ ಮಾಡಿಕೊಡುತ್ತಾಳೆ. ಹೊಸ ಗಿರಾಕಿ ಬರಬೇಕಾದರೆ ಹಳೆಯ ಕೆಲಸವನ್ನು ಯಾರಾದರೂ ನೋಡಬೇಕು. ನೋಡುವ ಜಾಗ ಇನ್‌ಸ್ಟಾಗ್ರಾಮ್. ಅಲ್ಲಿ ಬರಿಯ ಲೇಬಲ್ಲಿನ ಚಿತ್ರವೊಂದನ್ನು ತೂಗುಹಾಕಿದರೆ ನೋಡಿದವರು ‘ಚೆನ್ನಾಗಿದೆ’ ಎನ್ನುತ್ತಾರೆ, ಬೆರಳು ಮೇಲಕ್ಕೆ ಸರಿಯುತ್ತದೆ, ಅಷ್ಟಕ್ಕೆ ಮುಗಿಯಿತು. ಆ ಕೆಲಸ ಏಕೆ ಬೇಕಾಯಿತು, ಹೇಗೆ ನಡೆಯಿತು, ನಡೆದದ್ದರಿಂದ ಏನಾಯಿತು ಎಂಬುದನ್ನು ಹೇಳಿದಾಗ ಮಾತ್ರ ನೋಡುಗ ಗಿರಾಕಿಯಾಗುವ ಸಂಭವವುಂಟು. ಹಾಗೆ ಹೇಳುವುದಕ್ಕೆ ಈ ವೃತ್ತಿಯವರು ಕಂಡುಕೊಂಡ ರೂಪವೇ ಕೇಸ್ ಸ್ಟಡಿ ಕೆರೋಸೆಲ್: ಬೆರಳಿನಿಂದ ಎಡಕ್ಕೆ ಸರಿಸುತ್ತ ಒಂದಾದ ಮೇಲೊಂದರಂತೆ ನೋಡುವ ಚಿತ್ರಗಳ ಸಾಲು. ಹಿಂದೆ ಸಂತೆ ಜಾತ್ರೆಗಳಲ್ಲಿ ಚಿತ್ರಪಟ ಹಿಡಿದು ಕಥೆ ಹೇಳುತ್ತಿದ್ದವರ ಕಸುಬಿಗೂ ಇದಕ್ಕೂ ಬಹಳ ದೂರವೇನಿಲ್ಲ. ಆದರೆ ಇಲ್ಲಿ ಕಥೆಗಾರ ಪಕ್ಕದಲ್ಲಿ ನಿಂತಿರುವುದಿಲ್ಲ, ಪಟವೇ ಮಾತಾಡಬೇಕು.

ಅವಳು ಹಾಗೆ ಮಾತಾಡಿಸಬೇಕಾಗಿ ಬಂದ ಕೆಲಸ ಒಂದು ಮನೆ ಉದ್ಯೋಗದ್ದು. ಐವತ್ತು ದಾಟಿದ ಒಬ್ಬ ಹೆಂಗಸು, ಓಣಿಯವರಿಗೆಲ್ಲ ಮಾವಶಿ, ನಾಲ್ವರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಚಟ್ನಿಪುಡಿ ಕುಟ್ಟಿ ಮಾರುತ್ತಾಳೆ. ಸೊಲ್ಲಾಪುರದ ಶೇಂಗಾ ಚಟ್ನಿಯನ್ನು ಗೊತ್ತಿಲ್ಲದವರು ಕಡಿಮೆ. ಹುರಿದ ಶೇಂಗಾ, ಬಳ್ಳೊಳ್ಳಿ, ಒಣಖಾರ, ಜೀರಿಗೆ, ಉಪ್ಪು ಕೂಡಿಸಿ, ಶೇಂಗಾದ ಎಣ್ಣೆ ತಾನಾಗಿ ಬಿಡುವವರೆಗೆ ಕುಟ್ಟುವುದು ಅದರ ಮರ್ಮ. ಮಾವಶಿ ಅದರ ಜೊತೆಗೆ ಇನ್ನೆರಡು ಮಾಡುತ್ತಾಳೆ: ಅಗಸಿಯದು, ಗುರೆಳ್ಳಿನದು. ಮೂರಕ್ಕೂ ಒಂದೇ ಕೆಂಪು ಲೇಬಲ್ಲು. ಹೆಸರಿನ ಸಾಲು ಮಾತ್ರ ಬೇರೆ, ಅದೂ ಮರಾಠಿಯಲ್ಲಿ ಮಾತ್ರ. ಆಕೆ ಮೊದಲ ದಿನ ಹೇಳಿದ್ದು ಇಷ್ಟು: “ನೋಡವ್ವಾ, ನಮ್ಮ ಪಾಕೀಟು ಭಾಳ ಹಳೇ ಕಾಣತೈತಿ. ಹೊಸಾದು ಕಾಣೂಹಂಗ ಮಾಡಿಕೊಡು.”

ವಿನ್ಯಾಸಕಿಯ ಕಡತದಲ್ಲಿ ಕ್ಲೈಂಟಿನ ಸಮಸ್ಯೆ ಎಂಬ ತಲೆಬರಹದಡಿಯಲ್ಲಿ ಬರೆದುಕೊಳ್ಳಬೇಕಾದದ್ದು ಈ ಮಾತೇ ಎಂದು ಯಾರಿಗೂ ತೋರುತ್ತದೆ. ಇದು ಸಮಸ್ಯೆಯಲ್ಲ, ಬೇಡಿಕೆ. ಬೇಡಿಕೆಯ ಹಿಂದೆ ಏನಿದೆ ಎಂದು ತಿಳಿಯಲು ಅವಳು ಆ ಚಟ್ನಿ ಮಾರುವ ಕಿರಾಣಿ ಅಂಗಡಿಯೊಂದರ ಕಟ್ಟೆಯ ಮೇಲೆ ಎರಡು ಸಂಜೆ ಕೂತಳು. ಕೈಯಲ್ಲಿ ನೋಟ್‌ಪುಸ್ತಕ, ಮಡಿಲಲ್ಲಿ ಕಾಯಿಪಲ್ಲೆಯ ಚೀಲ, ಯಾರಿಗೂ ಅನುಮಾನ ಬರದಂತೆ. ಎರಡನೆಯ ಸಂಜೆಗೆ ಸಂಗತಿ ತಾನಾಗಿ ಬಯಲಾಯಿತು. ಇಂಡಿ, ಅಫಜಲಪುರದ ಕಡೆಯಿಂದ ಬಂದವರು ‘ಗುರೆಳ್ಳ ಚಟ್ನಿ’ ಕೇಳುತ್ತಾರೆ. ಅಂಗಡಿಯ ಹುಡುಗನಿಗೆ ಗೊತ್ತಿರುವುದು ‘ಕಾರಳೆ’. ಗುರೆಳ್ಳು ಎಂದರೆ ಕಾರಳೆಯೇ ಎಂದು ಅವನಿಗೆ ಯಾರೂ ಹೇಳಿಲ್ಲ. ಅಗಸಿಗೆ ಮರಾಠಿಯಲ್ಲಿ ಜವಸ. ಅದೂ ಅವನಿಗೆ ಅರ್ಧಂಬರ್ಧ. ಕುಟ್ಟಿ ಪಾಕೀಟಿಗೆ ತುಂಬಿದ ಮೇಲೆ ಒಂದು ಕಂದು, ಇನ್ನೊಂದು ಕಪ್ಪು. ಸಂಜೆಯ ಬೆಳಕಿನಲ್ಲಿ, ಎಣ್ಣೆ ಹತ್ತಿದ ಪ್ಲಾಸ್ಟಿಕ್ಕಿನೊಳಗೆ, ಎರಡೂ ಒಂದೇ. ಮನೆಗೆ ಹೋಗಿ ಬಿಚ್ಚಿದವರು ಮರುದಿನ ಮರಳಿ ತರುತ್ತಾರೆ. ಬಿಚ್ಚಿದ ಪಾಕೀಟನ್ನು ಅಂಗಡಿಯವ ಮಾವಶಿಗೇ ವಾಪಸು ಕಟ್ಟುತ್ತಾನೆ. ಹಾನಿ ಆಕೆಯದು. ಪಾಕೀಟು ಹಳೆಯದಾಗಿ ಕಾಣುವುದು ಮಾವಶಿಯನ್ನು ಬಾಧಿಸುತ್ತಿದ್ದುದು ನಿಜ. ಆಕೆಯ ಕಿಸೆಯನ್ನು ಕೊರೆಯುತ್ತಿದ್ದುದು ಮಾತ್ರ ಎರಡು ಭಾಷೆಗಳ ನಡುವೆ ಬಿದ್ದುಹೋದ ಎರಡು ಕಾಳಿನ ಹೆಸರು.

ಕೆರೋಸೆಲ್ಲಿನ ಮೊದಲ ಚೌಕಟ್ಟನ್ನು ಅವಳು ಮೂರು ಸಲ ಬರೆದಳು. ಮೊದಲನೆಯ ಬರಹ: ‘ಹಳೆಯ ಲೇಬಲ್ಲು ಆಕರ್ಷಕವಾಗಿರಲಿಲ್ಲ’. ಇದರಲ್ಲಿ ಎರಡು ದೋಷ. ಪ್ರಪಂಚದ ಯಾವ ಲೇಬಲ್ಲಿಗೂ ಈ ಮಾತು ಹೊಂದುತ್ತದೆ. ಅಲ್ಲದೆ ಮಾವಶಿ ಇದನ್ನು ನೋಡುತ್ತಾಳೆ. ಹಳೆಯ ಲೇಬಲ್ಲನ್ನು ಮುದ್ರಣಾಲಯದ ಪರಿಚಯಸ್ಥರು ದುಡ್ಡು ತೆಗೆದುಕೊಳ್ಳದೆ ಮಾಡಿಕೊಟ್ಟದ್ದು, ಅದರ ಮೇಲೆಯೇ ಆಕೆ ವರ್ಷಗಟ್ಟಲೆ ಸಂಸಾರ ನಡೆಸಿದ್ದು. ಕ್ಲೈಂಟಿನ ಹಿಂದಿನ ದಿನಗಳನ್ನು ಹೀನೈಸಿ ತನ್ನ ಕೆಲಸವನ್ನು ಎತ್ತರಿಸಿಕೊಳ್ಳುವುದು ಈ ಪ್ರಕಾರದ ಬರವಣಿಗೆಗೆ ಅಂಟಿದ ಜಾಡ್ಯ. ಎರಡನೆಯ ಬರಹ: ‘ಬಹುಭಾಷಿಕ ಗ್ರಾಹಕರಿಗಾಗಿ ಪ್ಯಾಕೇಜಿಂಗ್‌ನ ಮರುಕಲ್ಪನೆ’. ಇದನ್ನು ಓದಿ ಅವಳೇ ನಕ್ಕಳು. ಮೂರನೆಯದು ಉಳಿಯಿತು: ‘ಗುರೆಳ್ಳು ಕೇಳಿದವರಿಗೆ ಅಗಸಿ ಸಿಗುತ್ತಿತ್ತು’. ಕರ್ತೃ, ಕರ್ಮ, ಕ್ರಿಯಾಪದಗಳಿರುವ ಒಂದು ಸಾದಾ ವಾಕ್ಯ. ಇದನ್ನು ಓದಿದವನಿಗೆ ‘ಏಕೆ?’ ಎಂಬ ಪ್ರಶ್ನೆ ಹುಟ್ಟುತ್ತದೆ, ಪ್ರಶ್ನೆ ಹುಟ್ಟಿದರೆ ಬೆರಳು ಎಡಕ್ಕೆ ಸರಿಯುತ್ತದೆ.

ಇಲ್ಲಿ ಚೌಕಟ್ಟಿನ ಭೌತಿಕ ಮಿತಿಗಳನ್ನು ಒಂದಿಷ್ಟು ಹೇಳಬೇಕು. ಅವಳು ಬಳಸುವ ಅಳತೆ 1080ಕ್ಕೆ 1350 ಪಿಕ್ಸೆಲ್, ಅಂದರೆ ಅಗಲ ನಾಲ್ಕಾದರೆ ಎತ್ತರ ಐದು. ಮೊದಲ ಚಿತ್ರದ ಆಕಾರವೇ ಉಳಿದವುಗಳಿಗೂ ಅನ್ವಯಿಸುವುದರಿಂದ ಎಲ್ಲವನ್ನೂ ಇದೇ ಅಳತೆಯಲ್ಲಿ ಕೂಡಿಸುತ್ತಾಳೆ. ಮೊದಲು ಹತ್ತು ಚಿತ್ರಗಳಿಗಷ್ಟೇ ಅವಕಾಶವಿತ್ತು, 2024ರಿಂದ ಇಪ್ಪತ್ತಕ್ಕಿದೆ. ಅವಳು ಹತ್ತರಲ್ಲೇ ನಿಲ್ಲುತ್ತಾಳೆ, ಹನ್ನೊಂದನೆಯದಕ್ಕೆ ತಾನೇ ಬೇಸರಪಡುತ್ತಾಳೆಂದು. ಲ್ಯಾಪ್‌ಟಾಪಿನಲ್ಲಿ ಈ ಚೌಕಟ್ಟು ವಿಶಾಲವಾದ ಅಂಗಳ. ಫೋನಿನಲ್ಲಿ ಅದೇ ಆರೇಳು ಸೆಂಟಿಮೀಟರ್ ಅಗಲಕ್ಕೆ ಕುಗ್ಗುತ್ತದೆ. ಮೂವತ್ತು ಪಿಕ್ಸೆಲ್ಲಿನ ಇಂಗ್ಲಿಷ್ ಅಕ್ಷರ ಅಲ್ಲಿ ಹೇಗೋ ಬದುಕೀತು, ಕನ್ನಡದ ಒತ್ತಕ್ಷರ ಬದುಕದು. ಅವಳ ಕನ್ನಡ ಸಾಲುಗಳು ನಲವತ್ತೆರಡಕ್ಕಿಂತ ಕೆಳಗಿಳಿಯುವುದಿಲ್ಲ. ಸಾಲುಗಳ ನಡುವಿನ ಅಂತರವನ್ನೂ ಇಂಗ್ಲಿಷಿಗಿಂತ ಹಿಗ್ಗಿಸಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕಾಲಿಡುತ್ತದೆ. ಹೀಗೆ ಲೆಕ್ಕ ಹಾಕಿದರೆ ಒಂದು ಚೌಕಟ್ಟಿನಲ್ಲಿ ಚಿತ್ರದ ಜೊತೆ ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು ಶಬ್ದಗಳಿಗೆ ಮಾತ್ರ ಸ್ಥಳ. ಕನ್ನಡ ಓದಿದವಳಿಗೆ ಇದೊಂದು ಛಂದಸ್ಸಿನಂತೆ ಒಗ್ಗಿಹೋಯಿತು.

ಪರೀಕ್ಷೆ ಸುಲಭ. ಚಿತ್ರವನ್ನು ತನ್ನ ಫೋನಿಗೆ ಕಳಿಸಿಕೊಳ್ಳುತ್ತಾಳೆ, ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸುತ್ತಾಳೆ, ಕೈಯನ್ನು ಪೂರ್ತಿ ಚಾಚಿ ಓದುತ್ತಾಳೆ. ಓದಲಾಗದ್ದು ಕಿತ್ತುಹೋಗಬೇಕು. ಇನ್ನೊಂದು ಪರೀಕ್ಷೆ ಕನ್ನಡಕ್ಕೇ ಮೀಸಲು. ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆಯನ್ನು ಬದಲಿಸದಿದ್ದರೆ ಕೆಲವು ವಿನ್ಯಾಸ ತಂತ್ರಾಂಶಗಳು ‘ಚಟ್ನಿ’ಯನ್ನು ‘ಚಟ್‌ನಿ’ ಎಂದು ಬಿಡಿಸಿಬಿಡುತ್ತವೆ. ಕನ್ನಡ ಓದಲು ಬಾರದ ವಿನ್ಯಾಸಗಾರನಿಗೆ ಅದರಲ್ಲಿ ತಪ್ಪೇ ಕಾಣದು. ಇಂಥ ಮುರಿದ ಅಕ್ಷರಗಳನ್ನು ಊರಿನ ಫಲಕಗಳ ಮೇಲೆ ಎಷ್ಟು ನೋಡಿಲ್ಲ! ಅವಳು ಹತ್ತೂ ಚೌಕಟ್ಟುಗಳನ್ನು ಕೊನೆಗೊಮ್ಮೆ ಹಿಂದಿನಿಂದ ಮುಂದಕ್ಕೆ, ಅರ್ಥದ ಓಟ ಕಣ್ಣನ್ನು ಮೋಸಗೊಳಿಸದಂತೆ, ಒತ್ತುಗಳನ್ನಷ್ಟೇ ನೋಡುತ್ತ ಓದುತ್ತಾಳೆ.

ಎರಡನೆಯ ಚೌಕಟ್ಟಿನಲ್ಲಿ ಮೂರು ಹಳೆಯ ಪಾಕೀಟುಗಳ ಚಿತ್ರ, ಅಂಗಡಿಯ ಹಗ್ಗಕ್ಕೆ ತೂಗಿದಂತೆಯೇ, ಸಂಜೆಯ ಬೆಳಕಿನಲ್ಲೇ ತೆಗೆದದ್ದು. ಕೆಳಗೆ ಒಂದೇ ಮಾತು: ‘ಇದರಲ್ಲಿ ಗುರೆಳ್ಳು ಯಾವುದು?’ ಮೊದಲನೆಯದನ್ನು ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಕೆಲವೊಮ್ಮೆ ಎರಡನೆಯದನ್ನೇ ಮತ್ತೆ ತೋರಿಸುವುದುಂಟು. ಹಾಗಾಗಿ ಅದು ಮೊದಲಿನದರ ಆಸರೆಯಿಲ್ಲದೆಯೂ ನಿಲ್ಲಬೇಕು. ಮೂರು, ನಾಲ್ಕರಲ್ಲಿ ಅಂಗಡಿಯ ಕಟ್ಟೆಯ ಸಂಗತಿ, ಎರಡು ಭಾಷೆಯ ಹೆಸರುಗಳು ಜೋಡಿಯಾಗಿ.

ಪ್ರಕ್ರಿಯೆಯನ್ನು ತೋರಿಸುವ ಭಾಗದಲ್ಲಿಯೇ ಹೆಚ್ಚಿನವರು ದಾರಿ ತಪ್ಪುವುದು. ಹನ್ನೆರಡು ಕರಡು ಚಿತ್ರಗಳನ್ನು ಚಿಕ್ಕದಾಗಿ ಜೋಡಿಸಿ ಒಂದು ಚೌಕಟ್ಟಿಗೆ ತುಂಬಿದರೆ ದುಡಿಮೆ ಕಾಣುತ್ತದೆ, ವಿಚಾರ ಕಾಣುವುದಿಲ್ಲ. ಅವಳು ಕೈಬಿಟ್ಟ ಒಂದೇ ಒಂದು ವಿನ್ಯಾಸವನ್ನು ಆರಿಸಿಕೊಂಡು ಅದಕ್ಕೆ ಇಡೀ ಐದನೆಯ ಚೌಕಟ್ಟನ್ನು ಕೊಟ್ಟಳು. ಅದು ಆಕೆಯ ಮೊದಲ ಹೊಳಹು: ಶೇಂಗಾಕ್ಕೆ ಕೆಂಪು, ಅಗಸಿಗೆ ಕಂದು, ಗುರೆಳ್ಳಿಗೆ ಕಪ್ಪು ಲೇಬಲ್ಲು, ಕಪ್ಪಿನ ಮೇಲೆ ಬಿಳಿಯ ಅಕ್ಷರ. ಪರದೆಯ ಮೇಲೆ ಅದು ಮೂರರಲ್ಲೂ ಚೆಲುವಾದದ್ದು. ಮುದ್ರಿಸಿದ ಮಾದರಿ ಬಂದಾಗ ಕಪ್ಪು ಶಾಯಿ ಸುತ್ತಲಿಂದ ಹಬ್ಬಿ ‘ಗುರೆಳ್ಳು’ವಿನ ‘ಳ್ಳು’ ತುಂಬಿಕೊಂಡಿತ್ತು. ಒತ್ತು ಎಂಬುದು ಬಿಳಿಯ ಚುಕ್ಕೆಯಾಗಿತ್ತು. ಅಕ್ಷರ ದಪ್ಪ ಮಾಡಿದರೆ ಒಳಗಿನ ತೆರಪು ಮುಚ್ಚುತ್ತದೆ, ತೆಳ್ಳಗೆ ಮಾಡಿದರೆ ಶಾಯಿ ನುಂಗುತ್ತದೆ. ಒಳ್ಳೆಯ ಕಾಗದ, ಒಳ್ಳೆಯ ಮುದ್ರಣ ಇದಕ್ಕೆ ಮದ್ದು; ಮಾವಶಿಯ ಪಾಕೀಟಿನ ಬೆಲೆಗೆ ಅದು ಹೊಂದದು. ಹೀಗಾಗಿ ಮೂರಕ್ಕೂ ತಿಳಿಬಣ್ಣದ ನೆಲ, ಮೇಲಂಚಿಗೆ ಬಣ್ಣದ ಪಟ್ಟಿ, ಪಟ್ಟಿಯ ಕೆಳಗೆ ಕಾಳಿನ ದೊಡ್ಡ ಚಿತ್ರ ಎಂದು ತೀರ್ಮಾನವಾಯಿತು. ಅಗಸಿಯ ಕಾಳು ಚಪ್ಪಟೆ, ಮೈ ನುಣುಪು. ಗುರೆಳ್ಳು ಕಡ್ಡಿಯಂತೆ ಸಣ್ಣಗೆ, ಕರ್ರಗೆ. ಯಾವ ಭಾಷೆ ಬಾರದವನಿಗೂ, ಯಾವ ಭಾಷೆಯೂ ಓದಲು ಬಾರದವನಿಗೂ, ಅಂಗಡಿಯ ಹುಡುಗನಿಗೂ ಅದು ಸಾಕು. ಮುರಿದ ಆ ಕಪ್ಪು ಮಾದರಿಯ ಸಮೀಪಚಿತ್ರ ಐದನೆಯದರಲ್ಲಿದೆ, ಒಂದು ಸಾಲಿನ ಕಾರಣದೊಡನೆ. ಕೆಲಸ ಕೊಡಲು ಬಂದವರು ಅವಳೆದುರು ಹೆಚ್ಚಾಗಿ ಬೆರಳಿಟ್ಟು ಮಾತಾಡುವುದು ಈ ಚೌಕಟ್ಟಿನ ಮೇಲೆಯೇ.

ಆರನೆಯದು ಅಕ್ಷರದ್ದು. ಹೆಸರು ಎರಡೂ ಲಿಪಿಗಳಲ್ಲಿ ಸಮನಾಗಿ ಬರಬೇಕೆಂಬುದು ಮಾವಶಿಯ ಆಸೆ. ಅಳತೆಯಲ್ಲಿ ಸಮನಿಟ್ಟರೆ ಕಣ್ಣಿಗೆ ಸಮನಾಗುವುದಿಲ್ಲ. ದೇವನಾಗರಿ ತಲೆಗೆರೆಯಿಂದ ಕೆಳಕ್ಕೆ ಜೋತುಬೀಳುವ ಲಿಪಿ. ಆ ಗೆರೆಯೇ ಪದವನ್ನು ಒಂದು ಪಟ್ಟಿಯಾಗಿ ಹಿಡಿಯುತ್ತದೆ. ಕನ್ನಡ ದುಂಡಗೆ ಕೂರುವ ಲಿಪಿ. ಅದರ ಭಾರ ಕೆಳಗೆ. ಮುಂಬಯಿಯ ಏಕ್ ಟೈಪ್ ಸಂಸ್ಥೆಯವರ ಅನೇಕ್ ಎಂಬ ಅಕ್ಷರ ಕುಟುಂಬದಲ್ಲಿ ಎರಡೂ ಲಿಪಿಗಳು ಒಂದೇ ಮನೆಯ ಮಕ್ಕಳಂತೆ ರೂಪುಗೊಂಡಿವೆ, ಉಚಿತವಾಗಿಯೂ ದೊರೆಯುತ್ತವೆ. ಅವಳು ಅದನ್ನೇ ಹಿಡಿದಳು. ಹಾಗಿದ್ದೂ ಪದಗಳನ್ನು ಒಂದರ ಪಕ್ಕ ಒಂದು ಇಟ್ಟು, ಕಣ್ಣು ಕಿರಿದಾಗಿಸಿ, ಯಾವುದು ಮುಂದೆ ಬರುತ್ತದೆ ಯಾವುದು ಹಿಂದೆ ಸರಿಯುತ್ತದೆ ಎಂದು ನೋಡಿ ಕೂದಲೆಳೆಯಷ್ಟು ತಿದ್ದಬೇಕಾಯಿತು. ಕಾನೂನು ಬೇಡುವ ವಿವರಗಳು, ಅಂದರೆ ಪದಾರ್ಥಗಳು, ನಿವ್ವಳ ತೂಕ, ತಯಾರಾದ ದಿನ, ಆಹಾರ ಪರವಾನಗಿಯ ಹದಿನಾಲ್ಕು ಅಂಕಿಗಳು, ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇರಲೇಬೇಕು. ಮರಾಠಿ, ಕನ್ನಡ ಹೆಚ್ಚುವರಿ. ಅವೆಲ್ಲ ಹಿಂಬದಿಗೆ ಹೋದವು. ಅದನ್ನು ಕೆರೋಸೆಲ್ಲಿನಲ್ಲಿ ಹೇಳಲಿಲ್ಲ. ಮಾಡಲೇಬೇಕಾದದ್ದನ್ನು ಸಾಧನೆಯಂತೆ ಹೇಳಿಕೊಳ್ಳುವುದು ಅವಳಿಗೆ ಸರಿಬರಲಿಲ್ಲ. ಏಳನೆಯದು ಹೊಸ ಪಾಕೀಟುಗಳು, ಅದೇ ಹಗ್ಗ, ಅದೇ ಸಂಜೆಯ ಬೆಳಕು. ಕಂಪ್ಯೂಟರಿನಲ್ಲಿ ಕಟ್ಟಿದ ಹೊಳೆಯುವ ಮಾದರಿಚಿತ್ರವನ್ನು ಅಲ್ಲಿ ಹಾಕಿದ್ದರೆ ಎರಡನೆಯ ಚೌಕಟ್ಟಿನ ಮಾತು ಹುಸಿಯಾಗುತ್ತಿತ್ತು.

ಎಂಟನೆಯದಕ್ಕೆ ಬಂದಾಗ ಕೆಲಸ ನಿಂತಿತು. ಫಲಿತಾಂಶ ಏನೆಂದು ಬರೆಯುವುದು?

ಹೊಸ ಲೇಬಲ್ಲು ಅಂಗಡಿಗೆ ಬಂದದ್ದು ಜನವರಿಯ ಆರಂಭದಲ್ಲಿ. ಆ ತಿಂಗಳು ಮಾವಶಿಯ ಚಟ್ನಿ ಹಿಂದಿನ ತಿಂಗಳಿಗಿಂತ ಎರಡರಷ್ಟು ಹೋಯಿತು. ಆಕೆ ಹಿಗ್ಗಿ ಹೇಳಿದಳು: “ದುಪ್ಪಟ್ಟ ಆತು ಅಂತ ಬರಿಯವ್ವಾ. ಸುಳ್ಳೇನ ಅಲ್ಲಲ್ಲ.” ಸುಳ್ಳಲ್ಲ. ಆದರೆ ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಜಾತ್ರೆ. ಗಡ್ಡಾ ಜಾತ್ರೆಯೆಂದು ಸುತ್ತಿನ ಹಳ್ಳಿಗಳೆಲ್ಲ ಸೊಲ್ಲಾಪುರಕ್ಕೆ ಇಳಿಯುವ ಹೊತ್ತು. ಆ ತಿಂಗಳು ಲೇಬಲ್ಲೇ ಇಲ್ಲದ ಚಟ್ನಿಯೂ ಎರಡರಷ್ಟು ಹೋಗುತ್ತದೆ. ವೃತ್ತಿಯ ಗೆಳೆಯನೊಬ್ಬ, ಪುಣೆಯಲ್ಲಿ ಇವಳ ಮೂರು ಪಟ್ಟು ದರಕ್ಕೆ ಕೆಲಸ ಮಾಡುವವನು, ಫೋನಿನಲ್ಲಿ ಬುದ್ಧಿ ಹೇಳಿದ: ಮೊದಲ ಚೌಕಟ್ಟಿನಲ್ಲೇ ದೊಡ್ಡಕ್ಷರದಲ್ಲಿ ‘ಮಾರಾಟ ದುಪ್ಪಟ್ಟು’ ಎಂದು ಹಾಕು, ಯಾರೂ ಜಾತ್ರೆಯ ಲೆಕ್ಕ ಕೇಳುವುದಿಲ್ಲ. ಅವಳಿಗೆ ಆ ತಿಂಗಳ ಬಾಡಿಗೆ ಬಾಕಿಯಿತ್ತು. ಒಂದು ದೊಡ್ಡ ಹಪ್ಪಳ ಕಾರ್ಖಾನೆಯವರು ‘ನಿಮ್ಮ ಕೆಲಸದ ನಮೂನೆ ಕಳಿಸಿ’ ಎಂದದ್ದೂ ಅದೇ ವಾರ.

ಅವಳ ಬಳಿ ಇನ್ನೊಂದು ಲೆಕ್ಕವಿತ್ತು. ಮುದ್ರಣ ತಡವಾದ ಎರಡು ವಾರಗಳಲ್ಲಿ ಅಂಗಡಿಯ ಗೋಡೆಗೆ ಒಂದು ಹಾಳೆ ಅಂಟಿಸಿ, ‘ಬದಲಿ ಪಾಕೀಟು ವಾಪಸು ಬಂದಾಗಲೆಲ್ಲ ಒಂದು ಗೆರೆ ಎಳಿ ತಮ್ಮಾ’ ಎಂದು ಹುಡುಗನಿಗೆ ಹೇಳಿದ್ದಳು. ಹನ್ನೊಂದು ಗೆರೆ. ಹೊಸ ಲೇಬಲ್ಲಿನ ಮೊದಲ ಎರಡು ವಾರಗಳಲ್ಲಿ, ಜಾತ್ರೆಯ ನೂಕುನುಗ್ಗಲಿನ ನಡುವೆಯೂ, ಮೂರು. ಸಮಸ್ಯೆ ಯಾವುದೆಂದು ಮೊದಲ ಚೌಕಟ್ಟಿನಲ್ಲಿ ಹೇಳಿತ್ತೋ ಅದನ್ನೇ ಅಳೆಯುವ ಲೆಕ್ಕವಿದು. ಕೆಲಸಕ್ಕೆ ಮುಂಚೆ ಎಣಿಸದಿದ್ದರೆ ಕೆಲಸದ ನಂತರ ಎಣಿಸಿದ್ದಕ್ಕೆ ಅರ್ಥವಿಲ್ಲ. ಬಹುಪಾಲು ಕೇಸ್ ಸ್ಟಡಿಗಳ ಫಲಿತಾಂಶದ ಚೌಕಟ್ಟು ಟೊಳ್ಳಾಗುವುದು ಇದೊಂದು ಕಾರಣದಿಂದ. ಮುಂಚಿನ ಅಂಕಿ ಇರುವುದಿಲ್ಲ, ಆದ್ದರಿಂದ ‘ಕ್ಲೈಂಟ್ ಬಹಳ ಖುಷಿಯಾದರು’ ಎಂಬಲ್ಲಿಗೆ ಬಂದು ನಿಲ್ಲುತ್ತವೆ.

ಹನ್ನೊಂದರಿಂದ ಮೂರು ಎಂದರೆ ನೂರಕ್ಕೆ 73ರಷ್ಟು ಇಳಿಕೆ. ಹಾಗೆ ಬರೆದು ನೋಡಿದಳು. ಸಂಖ್ಯೆ ಚೌಕಟ್ಟಿನ ತುಂಬ ಎದೆಯುಬ್ಬಿಸಿ ನಿಂತಿತು. ಆದರೆ ನೂರರ ಭಾಷೆಯಲ್ಲಿ ಮಾತಾಡಿದ ಕೂಡಲೇ ಓದುವವನ ಮನಸ್ಸು ನೂರಾರು ಪಾಕೀಟುಗಳನ್ನು ಊಹಿಸಿಕೊಳ್ಳುತ್ತದೆ. ಇದ್ದದ್ದು ಒಂದು ಗೋಡೆಯ ಮೇಲಿನ ಹನ್ನೊಂದು ಗೆರೆ. ಇನ್ನೆರಡು ಪಾಕೀಟು ಹೆಚ್ಚಾಗಿ ವಾಪಸು ಬಂದಿದ್ದರೆ ಆ 73 ಎಂಬುದು 55ಕ್ಕೆ ಇಳಿಯುತ್ತಿತ್ತು. ಅಷ್ಟು ಸಡಿಲವಾದ ನೆಲದ ಮೇಲೆ ಅಷ್ಟು ದೊಡ್ಡ ಅಂಕಿಯನ್ನು ನಿಲ್ಲಿಸಲು ಅವಳಿಗೆ ಮನಸ್ಸಾಗಲಿಲ್ಲ. ಅಳಿಸಿ, ಗೋಡೆಯ ಹಾಳೆಯ ಚಿತ್ರವನ್ನೇ ಹಾಕಿ ಕೆಳಗೆ ಬರೆದಳು: ‘ಎರಡು ವಾರದಲ್ಲಿ ಬದಲಿ ಪಾಕೀಟು: ಮೊದಲು 11, ಈಗ 3. ಒಂದು ಅಂಗಡಿಯ ಲೆಕ್ಕ.’ ಒಂಬತ್ತನೆಯದರಲ್ಲಿ ಉಳಿದ ಮೂರರ ವಿಷಯ. ಮೂರೂ ದೀಪ ಹಚ್ಚಿದ ಮೇಲಿನವು. ಕಂದು ಪಟ್ಟಿ, ಕಪ್ಪು ಪಟ್ಟಿ ಹಳದಿ ಬಲ್ಬಿನ ಕೆಳಗೆ ಹತ್ತಿರ ಹತ್ತಿರ ಬರುತ್ತವೆ. ಮುಂದಿನ ಮುದ್ರಣದಲ್ಲಿ ಅಗಸಿಯ ಪಟ್ಟಿಯನ್ನು ಅದರ ಹೂವಿನ ನೀಲಿಗೆ ಬದಲಿಸುವುದೆಂದು ಅಲ್ಲೇ ಬರೆದಿದೆ. ಜಾತ್ರೆಯ ತಿಂಗಳ ಮಾರಾಟದ ಮಾತು ಎಲ್ಲಿಯೂ ಇಲ್ಲ.

ಹತ್ತನೆಯ ಚೌಕಟ್ಟಿನಲ್ಲಿ ಯಾರು ಏನು ಮಾಡಿದರು ಎಂಬುದು: ಲೇಬಲ್ಲು ಮತ್ತು ಕಾಳಿನ ಚಿತ್ರ ಇವಳದು, ಮುದ್ರಣ ಇಂಥವರದು, ಹೆಸರಿನ ಜೋಡಿಗಳನ್ನು ಖಚಿತಪಡಿಸಿದ್ದು ಚಟ್ನಿ ಕುಟ್ಟುವ ಹೆಣ್ಣುಮಕ್ಕಳು.

ಇದೆಲ್ಲ ಕೂಡಿದ ಮೇಲೆ ಪ್ರಕಟಿಸುವ ಮುನ್ನ ಅವಳು ಮಾವಶಿಯ ಮನೆಗೆ ಹೋದಳು. ಕ್ಲೈಂಟಿನ ಒಪ್ಪಿಗೆಯಿಲ್ಲದೆ ಅವರ ವ್ಯಾಪಾರದ ಒಳಸುದ್ದಿಯನ್ನು ಬೀದಿಗಿಡಬಾರದು. ಅವಳು ಕೆಲಸ ಒಪ್ಪಿಕೊಳ್ಳುವಾಗಲೇ ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಂಡಿರುತ್ತಾಳೆ, ಆದರೂ ಕೊನೆಯ ರೂಪವನ್ನು ಕಣ್ಣೆದುರು ತೋರಿಸಿಯೇ ತೋರಿಸುತ್ತಾಳೆ. ಮಾವಶಿ ಕನ್ನಡಕ ಏರಿಸಿಕೊಂಡು, ಖಾರದ ಕೈಯನ್ನು ಸೆರಗಿಗೆ ಒರೆಸಿ, ಒಂದೊಂದನ್ನೇ ಸರಿಸಿದಳು. ಮನೆಯಲ್ಲಿ ಕನ್ನಡ ಆಡಿದರೂ ಆಕೆ ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡದ ಸಾಲುಗಳನ್ನು ಇವಳು ಓದಿ ಹೇಳಿದಳು. ಇದೇ ಹತ್ತನ್ನು ಮರಾಠಿಯಲ್ಲಿಯೂ ಬೇರೆಯಾಗಿ ಕಟ್ಟಿದ್ದಳು. ಅಲ್ಲಿನ ಮೊದಲ ವಾಕ್ಯ ಕನ್ನಡದ್ದರ ಅನುವಾದವಲ್ಲ, ‘ಗುರೆಳ್ಳು ಅಂದರೇನು?’ ಎಂಬ ಅಂಗಡಿ ಹುಡುಗನ ಪ್ರಶ್ನೆ. ದುಪ್ಪಟ್ಟಿನ ಮಾತಿಲ್ಲವೆಂದು ಮಾವಶಿಗೆ ತುಸು ಮುನಿಸಾಯಿತು. ಮೂರನೆಯ ಚೌಕಟ್ಟಿಗೆ ಮರಳಿ ಬಂದು ಬೆರಳು ನಿಲ್ಲಿಸಿದಳು. ಅಲ್ಲಿ ಕುಟ್ಟುವ ಕೋಣೆಯ ಒಂದು ಸಣ್ಣ ಚಿತ್ರವಿತ್ತು. ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಶೇಂಗಾ ಇಷ್ಟು, ಬಳ್ಳೊಳ್ಳಿ ಇಷ್ಟು ಎಂದು ಬರೆದದ್ದು ಹಿಗ್ಗಿಸಿದರೆ ಓದಬರುತ್ತಿತ್ತು.

“ಇದನ್ನ ತಗದಬಿಡವ್ವಾ. ಬ್ಯಾರೇ ಎಲ್ಲಾ ಇರಲಿ, ಹನ್ನೊಂದ ವಾಪಸ ಬಂದಿದ್ದೂ ಇರಲಿ. ಬಳ್ಳೊಳ್ಳಿ ಲೆಕ್ಕ ಮಾತ್ರ ನನ್ನ ಸೊಸೀಗೂ ಇನ್ನಾ ಹೇಳಿಲ್ಲ.”

ಆ ಚಿತ್ರದ ಜಾಗಕ್ಕೆ ಅಂಗಡಿಯ ಕಟ್ಟೆಯ ಚಿತ್ರ ಬಂದಿತು. ಹಪ್ಪಳ ಕಾರ್ಖಾನೆಯವರಿಗೂ ಅದನ್ನೇ ಕಳಿಸಿದಳು. ನಾಲ್ಕು ದಿನ ಉತ್ತರವಿಲ್ಲ. ಐದನೆಯ ದಿನ ಅಲ್ಲಿಯ ಯಜಮಾನರು ಫೋನು ಮಾಡಿ ಲೇಬಲ್ಲಿನ ಅಂದದ ಬಗ್ಗೆ ಒಂದು ಮಾತೂ ಆಡದೆ ನೇರವಾಗಿ ಕೇಳಿದರು: “ತಂಗಿ, ನಮ್ಮಲ್ಲಿ ಉದ್ದಿನ ಹಪ್ಪಳಾನೂ ಹೆಸರಿನ ಹಪ್ಪಳಾನೂ ಇದೇ ಹಣೇಬರಹ ಐತಿ. ಎಣಸಾಕ ನಾವೂ ಒಂದ ಹಾಳಿ ಹಚ್ಚಬೇಕೇನ?” ಹಚ್ಚಿರಿ ಅಣ್ಣಾರೆ, ಇವತ್ತಿನಿಂದಲೇ ಹಚ್ಚಿರಿ, ನಾನು ಎರಡು ವಾರ ಬಿಟ್ಟು ಬರುತ್ತೇನೆ ಎಂದಳು.